ಶನಿಯನ್ನು ಹುಡುಕಿಕೊಂಡು ಹೋದ ನಮ್ಮ ಭಾವ

ಲೋಕಕ್ಕೆಲ್ಲ ಶನಿ ಬಿಟ್ಟು ತೊಲಗಿದರೆ ಸಾಕು. ನಮ್ಮ ಭಾವನಿಗೆ ಮಾತ್ರ ಶನಿ ಸಿಗುತ್ತಿಲ್ಲವಲ್ಲ ಎಂಬ ಚಿಂತೆ. ಅಕ್ಕ ಮೊದಮೊದಲು ಈ ಮಾತು ಹೇಳಿಕೊಂಡು ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು.

ಭಾವ ಬೀದಿ ದೀಪ ರಿಪೇರಿಯವರು. ಏಣಿ ಗಾಡಿಯಲ್ಲಿ ಕಂಬದಿಂದ ಕಂಬಕ್ಕೆ ಸುತ್ತಿಯೇ ತಲೆ ನರೆತಿತ್ತು. ಬೀದಿಯವರು ಅವರನ್ನು ಕಂಬದಣ್ಣ ಎಂದೇ ಕರೆಯುತ್ತಿದ್ದರು. ಹಳದಿ ದೀಪಗಳನ್ನು ಇಳಿಸಿ ಬಿಳಿಯ ಎಲ್‌ಇಡಿ ಏರಿಸಿದ ತಂಡದಲ್ಲಿ ಅವರೂ ಇದ್ದರು. ಆ ಬೆಳಕಿಗೆ ಆಕಾಶದಲ್ಲಿದ್ದ ಅಷ್ಟಿಷ್ಟು ಚುಕ್ಕಿಗಳೂ ಅಳಿಸಿಹೋದವು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ನಾನು ಕೆಣಕಿದರೆ, "ಹೌದಮ್ಮ, ಮೇಯ್ದಿದ್ದಾಯ್ತು, ಈಗ ಹಸಿವಾಗ್ತಿದೆ" ಎನ್ನುತ್ತಿದ್ದರು.

ನಿವೃತ್ತಿಯ ದಿನ ಜೊತೆಯವರು ಏನು ಬೇಕೆಂದು ಕೇಳಿದಾಗ, ಕೈಗಡಿಯಾರ ಬೇಡ, ದುರ್ಬೀನು ಕೊಡಿ ಎಂದರಂತೆ. ಕೊಟ್ಟರು. ಮೊಳದುದ್ದದ ಕೊಳವೆ, ತಳದಲ್ಲಿ ಅಂಗೈ ಅಗಲದ ಕನ್ನಡಿ, ಗಾಳಿ ಬೀಸಿದರೆ ನಡುಗುವ ಮೂರು ಕಾಲು. ಅಷ್ಟರಲ್ಲಾಗಲೇ ಅವರ ಎಡಗಣ್ಣಿನ ನಡುಭಾಗ ಕತ್ತಲಾಗಿತ್ತು. ಒಳಪರದೆ ಸವೆಯುವ ಕಾಯಿಲೆ. ಬಲಗಣ್ಣಿಗೂ ಶುರುವಾಗಿದೆ, ಎಷ್ಟು ದಿನವೆಂದು ಹೇಳಲಾರೆ ಎಂದಿದ್ದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಭಾವ ನನ್ನ ಕಡೆ ತಿರುಗಿ, "ಹೋಗೋದು ಹೋಗ್ಲಿ, ಶನಿಯ ಉಂಗುರ ಒಂದು ನೋಡ್ಬಿಡ್ತೀನಿ. ಅದಕ್ಕೆ ಯಾವ ಪುಸ್ತಕ ಬೇಕೋ ನೀನು ತಂದುಕೊಡು" ಎಂದರು.

ನಾನು ಗ್ರಂಥಾಲಯದಲ್ಲಿ ಪುಸ್ತಕ ಕೊಡುವವಳು. ಆಕಾಶದ ಪುಸ್ತಕಗಳು ನಮ್ಮಲ್ಲಿ ಒಂದೇ ಗೂಡು, ಅದೂ ಬಹುಪಾಲು ಮುದಿ. ಅದರಲ್ಲೇ ದಪ್ಪ ಅಕ್ಷರದ್ದೊಂದು ಆರಿಸಿ ಒಯ್ದೆ. ಮುಖಪುಟದ ತುಂಬ ಶನಿ, ಸುತ್ತ ತಟ್ಟೆಯಂಥ ಅಗಲ ಉಂಗುರ. ನಗರದಲ್ಲಿರುವ ಹೊಸಬರೇ, ಮಸುಕಾದ ನೀಹಾರಿಕೆಗಳ ಬೆನ್ನು ಹತ್ತಬೇಡಿ, ಚಂದ್ರ ಮತ್ತು ಗ್ರಹಗಳನ್ನು ನೋಡಿ, ಅವು ಬೀದಿ ದೀಪಕ್ಕೆ ಹೆದರುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಭಾವ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು.

ಒಂದು ಸಂಜೆ ತಾರಸಿಯಿಂದ ಕೂಗು ಬಂತು. ನೀರಿನ ಟ್ಯಾಂಕಿನ ಪಕ್ಕ ಭಾವ ಕುಣಿಯುವುದೊಂದು ಬಾಕಿ. ಅಕ್ಕ ನೋಡಿದಳು, ಕೆಳಮನೆಯ ಕ್ಷೌರಿಕರು ನೋಡಿದರು, ನಾನೂ ನೋಡಿದೆ. ದುಂಡಗೆ ಹೊಳೆಯುವ ಬಳೆ, ನಡುವೆ ಕಪ್ಪು ತೂತು.

"ಗ್ಯಾಸ್ ಒಲೆ ಬರ್ನರ್ ಥರ ಇದೆಯಲ್ಲ ಕಂಬದಣ್ಣ" ಎಂದರು ಕ್ಷೌರಿಕರು.

"ಅದೇ ರೀ ಉಂಗುರ" ಎಂದರು ಭಾವ.

ನನಗೆ ಅನುಮಾನ ಬಂತು. ಬಳೆ ಇದೆ, ಅದರೊಳಗಿನ ಶನಿ ಎಲ್ಲಿ? ಪುಸ್ತಕ ತಿರುವಿದೆ. ಕೊನೆಯ ಪುಟಗಳಲ್ಲಿ ಉತ್ತರ ಸಿಕ್ಕಿತು: ನಡುವೆ ತೂತಿರುವ ಬೆಳಕಿನ ಬಳೆ ಕಂಡರೆ ಅದು ಗ್ರಹವಲ್ಲ, ಫೋಕಸ್ ತಪ್ಪಿದ ನಕ್ಷತ್ರ, ಕಪ್ಪು ತೂತು ಕೊಳವೆಯ ಬಾಯಲ್ಲಿರುವ ಚಿಕ್ಕ ಕನ್ನಡಿಯ ನೆರಳು. ಅವರ ಮುಖ ನೋಡಿದರೆ ಬಾಯಿ ಬಾರದು. ಆದರೂ ಓದಿದೆ. ಸುಳ್ಳು ಉಂಗುರ ಕೊಟ್ಟು ಕಳಿಸುವುದು ನನ್ನ ಜಾಯಮಾನವಲ್ಲ. ಭಾವ ಫೋಕಸ್ ನಾಬ್ ತಿರುಗಿಸಿದರು. ಬಳೆ ಕುಗ್ಗುತ್ತ ಕುಗ್ಗುತ್ತ ಒಂದು ಚುಕ್ಕಿಯಾಗಿ ನಿಂತಿತು.

"ಹಾಗಾದ್ರೆ ಆ ಪುಸ್ತಕದ ನಕ್ಷೆಯಲ್ಲಿ ಶನಿ ಎಲ್ಲಿದೆ ಅಂತ ತೋರಿಸು" ಎಂದರು.

ನಕ್ಷೆಯಲ್ಲಿ ಶನಿಯೇ ಇರಲಿಲ್ಲ. ನಕ್ಷತ್ರಗಳು ತಮ್ಮ ಜಾಗ ಬಿಡುವುದಿಲ್ಲ, ಅಚ್ಚು ಹಾಕಬಹುದು. ಗ್ರಹಗಳು ಅಲೆಮಾರಿಗಳು, ಅವಕ್ಕೆ ಆಯಾ ವರ್ಷದ ಕೈಪಿಡಿಯೇ ಬೇಕು. ಇಷ್ಟು ದಿನ ಭಾವ ಆ ನಕ್ಷೆ ಹಿಡಿದು ಹುಡುಕಿದ್ದು ವಿಳಾಸವಿಲ್ಲದ ಮನೆಯನ್ನು. ಕೈಪಿಡಿ ತರಿಸಲು ಅರ್ಜಿ ಹಾಕಿದೆ. ಅದು ಬರುವಷ್ಟರಲ್ಲಿ ಭಾವ ದಿನಪತ್ರಿಕೆಯ ದಪ್ಪ ತಲೆಬರಹ ಬಿಟ್ಟು ಉಳಿದದ್ದನ್ನು ಓದುವುದು ನಿಲ್ಲಿಸಿದ್ದರು.

ಕೈಪಿಡಿ ಹೇಳಿದ ಕಡೆ, ಕತ್ತಲಾಗುತ್ತಿದ್ದಂತೆ ಪೂರ್ವದಲ್ಲಿ, ಮಿನುಗದ ಹಳದಿ ಚುಕ್ಕಿಯೊಂದಿತ್ತು. ಮೊದಲು ಕಣ್ಣಿಡುವ ಕಡೆಗೆ ಕಡಿಮೆ ಹಿಗ್ಗಿಸುವ ದೊಡ್ಡ ಮಸೂರ ಹಾಕಿ ಅದನ್ನು ನಡುವಿಗೆ ತಂದೆವು, ಆಮೇಲೆ ಹೆಚ್ಚು ಹಿಗ್ಗಿಸುವ ಚಿಕ್ಕದನ್ನು. ಭಾವ ಬಲಗಣ್ಣಿಟ್ಟು ನಾಬನ್ನು ಕೂದಲೆಳೆಯಷ್ಟು ಅತ್ತ ಇತ್ತ ಮಾಡಿದರು.

"ದುಂಡಗಿದೆ. ಬರೀ ಗೋಲಿ. ಇದೂ ನಕ್ಷತ್ರವೇ ಏನು?"

ನಾನು ನೋಡಿದೆ. ನಕ್ಷತ್ರ ಎಷ್ಟು ಹಿಗ್ಗಿಸಿದರೂ ಚುಕ್ಕಿಯೇ. ಇದು ಪುಟ್ಟದಾದರೂ ತುಂಬಿದ ದುಂಡು. ಶನಿಯೇ, ಅನುಮಾನವಿಲ್ಲ. ಆದರೆ ಬೋಳು. ಕತ್ತಲಿಗೆ ಒಗ್ಗಿದ ಕಣ್ಣು ಕೆಡದಿರಲೆಂದು ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಕೈಪಿಡಿಯಲ್ಲಿ ಶನಿಯ ಪುಟ ತೆಗೆದೆ. ಒಂದು ಸಾಲು ಕಂಡಿತು, ಅಲ್ಲೇ ನಿಂತೆ.

"ಏನು ನುಂಗ್ಕೊಂಡೆ? ಓದು."

ಓದಿದೆ. ಶನಿಯ ಉಂಗುರಗಳು ಸುಮಾರು ಹದಿನೈದು ವರ್ಷಕ್ಕೊಮ್ಮೆ ನಮಗೆ ತಮ್ಮ ಅಂಚನ್ನಷ್ಟೇ ತೋರಿಸುತ್ತವೆ. ಅಗಲ ಎಷ್ಟೇ ಇದ್ದರೂ ದಪ್ಪ ಏನೂ ಇಲ್ಲ. ಚಿಕ್ಕ ದುರ್ಬೀನಿಗೆ ಈ ವರ್ಷ ಅವು ಕಾಣುವುದಿಲ್ಲ. ಮುಂದಿನ ವರ್ಷ ಸ್ವಲ್ಪ ತೆರೆದುಕೊಳ್ಳುತ್ತವೆ, ಪೂರ್ತಿ ತೆರೆಯಲು ಏಳು ವರ್ಷ.

ಹದಿನೈದು ವರ್ಷದಲ್ಲಿ ಈ ಒಂದೇ ವರ್ಷ, ಅದೂ ಇವರ ಪಾಲಿಗೆ. ನನಗೆ ಯಾರ ಮೇಲೋ ರೇಗಬೇಕೆನಿಸಿತು, ಯಾರೆಂದು ತಿಳಿಯಲಿಲ್ಲ. ಒಣಗಿದ ಬಟ್ಟೆ ತೆಗೆಯುತ್ತಿದ್ದ ಅಕ್ಕ, "ಬನ್ರಿ, ಊಟ ಆರ್ತಿದೆ" ಎಂದಳು. ಅವಳ ದನಿ ಸರಿಯಿರಲಿಲ್ಲ. "ಮುಂದಿನ ವರ್ಷ ತಾನೆ, ನೋಡೋಣ ಬಿಡು" ಎಂದು ಭಾವ ದುರ್ಬೀನಿಗೆ ಹಳೆಯ ದಿಂಬಿನ ಕವರು ತೊಡಿಸಿದರು.

ಮುಂದಿನ ವರ್ಷ ಹೊಸ ಕೈಪಿಡಿ ಯಾರೂ ಕೇಳದೆಯೇ ತರಿಸಿದೆ. ಶನಿ ಸಂಜೆಯ ಆಕಾಶಕ್ಕೆ ಬಂದಾಗ ಭಾವನ ತೋಳು ಹಿಡಿದು ತಾರಸಿ ಹತ್ತಿಸಿದೆ. ನಾನೇ ಹುಡುಕಿದೆ, ನಾನೇ ಫೋಕಸ್ ಮಾಡಿದೆ. ಇತ್ತು. ದುಂಡಿನ ಎರಡೂ ಕಡೆ ಸಣ್ಣಗೆ ಚಾಚಿದ ಉಂಗುರ, ಸೂಜಿಗೆ ಪೋಣಿಸಿದ ಮಣಿಯ ಹಾಗೆ. ಬೇಗ ಪಕ್ಕಕ್ಕೆ ಸರಿದು ಭಾವನ ತಲೆಯನ್ನು ಕೈಯಲ್ಲಿ ಹಿಡಿದು ಬಲಗಣ್ಣನ್ನು ಮಸೂರಕ್ಕೆ ಹೊಂದಿಸಿದೆ.

ತುಂಬ ಹೊತ್ತು ನೋಡಿದರು.

"ನಡುವೆ ಏನೂ ಇಲ್ಲವಲ್ಲ."

"ನೇರ ನೋಡ್ಬೇಡಿ ಭಾವ. ಪುಸ್ತಕದಲ್ಲಿತ್ತಲ್ಲ, ಓರೆಗಣ್ಣಲ್ಲಿ ನೋಡ್ಬೇಕು ಅಂತ."

ಓರೆಗಣ್ಣಲ್ಲಿ ನೋಡಿದರು. "ಹಾಂ, ಬೆಳಕಿದೆ. ಮಬ್ಬು."

ಆ ಉಪಾಯ ಮಸುಕಾದದ್ದನ್ನು ಕಾಣಿಸುತ್ತದೆ, ಸಣ್ಣದನ್ನು ಬಿಡಿಸಿ ತೋರಿಸುವುದಿಲ್ಲ ಎಂದು ಅದೇ ಪುಟದ ಕೆಳಗಿತ್ತು. ಅದನ್ನು ನಾನು ಓದಿ ಹೇಳಲಿಲ್ಲ.

"ಫೋಕಸ್ ತಪ್ಪಿದೆ ಕಣಮ್ಮ. ಆವತ್ತಿನ ಹಾಗೇ, ನಡುವೆ ಕಪ್ಪು. ನಾಬ್ ಸ್ವಲ್ಪ ಒಳಗೆ ತಿರುಗಿಸು."

ಫೋಕಸ್ ತಪ್ಪಿರಲಿಲ್ಲ, ಕಪ್ಪು ದುರ್ಬೀನಿನಲ್ಲಿರಲಿಲ್ಲ. ನಾಬಿನ ಮೇಲೆ ಬೆರಳಿಟ್ಟೆ, ತಿರುಗಿಸಲಿಲ್ಲ.

"ಇನ್ನೂ ಸ್ವಲ್ಪ" ಎಂದರು ಭಾವ.

"ತಿರುಗಿಸ್ತಾ ಇದ್ದೀನಿ ಭಾವ" ಎಂದೆ.