ನಾಗೇಂದ್ರ ಸರ್ ನೋಟ್ಸಿನ ಆ ಒಂದು ಸಾಲು

ನಾಗೇಂದ್ರ ಸರ್ ಹೊಸನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಗಣಿತದ ಅತಿಥಿ ಉಪನ್ಯಾಸಕರು. ಇಷ್ಟು ಕಾಲ ಬೀಡುಬಿಟ್ಟವರನ್ನೂ ಅತಿಥಿ ಎನ್ನುವ ದೊಡ್ಡ ಮನಸ್ಸು ಸರ್ಕಾರಕ್ಕಲ್ಲದೆ ಇನ್ಯಾರಿಗಿದೆ? ಅದೇ ಸ್ಟಾಫ್ ರೂಮಿನಲ್ಲಿ ನಾನು ಭೌತಶಾಸ್ತ್ರದ ಅತಿಥಿ.

ಸರ್ ಸಂಪಾದಿಸಿದ್ದು ಒಂದೇ, ನೋಟ್ಸಿನ ಹೆಸರು. ಅದರ ಜೆರಾಕ್ಸು ಸಾಗರ, ತೀರ್ಥಹಳ್ಳಿಯಲ್ಲೂ ಓಡುತ್ತಿತ್ತು. ಅದನ್ನು ಉರು ಹೊಡೆದು ಪಾಸಾದವರು ತಾವೂ ಮೇಷ್ಟ್ರಾಗಿ ಅದನ್ನೇ ಬರೆಸುತ್ತಿದ್ದರು. ಜ್ಞಾನ ಪ್ರಸಾರ ಎಂದರೆ ಇದೇ ಇರಬೇಕು.

ನೋಟ್ಸಿನಲ್ಲಿ ಸರ್‌ಗೆ ಅಚ್ಚುಮೆಚ್ಚಿನ ಪ್ರಮೇಯವೊಂದಿತ್ತು. ಎರಡು ಸಂಖ್ಯೆಗಳ ನಡುವೆಯೇ ಉಳಿಯುವ ಯಾವ ಅನುಕ್ರಮದಲ್ಲೂ ಒಂದು ಬಿಂದುವಿನತ್ತ ಒಮ್ಮುಖವಾಗುವ ಉಪ-ಅನುಕ್ರಮ ಇದ್ದೇ ಇರುತ್ತದೆ. ಆ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಅರ್ಧ ಮಾಡು, ಅನಂತ ಪದಗಳಿರುವ ಅರ್ಧ ಹಿಡಿ, ಅದನ್ನು ಮತ್ತೆ ಅರ್ಧ ಮಾಡು. ಪ್ರತಿ ತುಂಡಿನಿಂದ ಹಿಂದಿನದಕ್ಕಿಂತ ಮುಂದಿನ ಕ್ರಮಾಂಕದ ಒಂದು ಪದ ಆರಿಸು. ಒಂದರೊಳಗೊಂದು ಕೂತ ತುಂಡುಗಳ ಉದ್ದ ಸೊನ್ನೆಯತ್ತ ಹೋಗುವುದರಿಂದ ಎಲ್ಲಕ್ಕೂ ಸಾಮಾನ್ಯವಾದುದು ಒಂದೇ ಬಿಂದು. ಆರಿಸಿದ ಪದಗಳು ಅಲ್ಲಿಗೇ ಹೋಗುತ್ತವೆ. ಇಷ್ಟು ಚೆನ್ನಾಗಿತ್ತು. ನಡುವೆ ಸರ್ ಒಂದು ಸಾಲು ಸೇರಿಸಿದ್ದರು: ‘ಇನ್ನೊಂದು ಅರ್ಧದಲ್ಲಿ ಸೀಮಿತ ಪದಗಳು ಮಾತ್ರ ಇರುತ್ತವೆ.’ ಅದಕ್ಕೆ ಒಂದು ಅಂಕ ಬೇರೆ!

ಕಿರುಪರೀಕ್ಷೆಯಲ್ಲಿ ಮೂವತ್ತೆಂಟು ಮಂದಿ ಆ ಸಾಲು ಬರೆದರು. ಮೇಳಿಗೆಯ ಶ್ರಾವ್ಯಾ ಮಾತ್ರ ‘ಎರಡರಲ್ಲೂ ಅನಂತ ಪದಗಳಿದ್ದರೆ ಎಡದ್ದನ್ನು ಹಿಡಿಯೋಣ’ ಎಂದು ಬರೆದಳು. ಸರ್ ಒಂದು ಅಂಕ ಕತ್ತರಿಸಿದರು. ಅವಳು ಸ್ಟಾಫ್ ರೂಮಿಗೇ ಬಂದಳು.

“ಸರ್, ಮೈನಸ್ ಒಂದು, ಒಂದು, ಮೈನಸ್ ಒಂದು, ಒಂದು ಅಂತ ಹೋಗ್ತಾ ಇದ್ರೆ? ಸೊನ್ನೆ ಹತ್ರ ಅರ್ಧ ಮಾಡಿದ್ರೆ ಎರಡೂ ಕಡೆ ಅನಂತ ಪದ ಇರುತ್ತಲ್ವಾ?”

“ಬೆಲೆ ಎರಡೇ ಅಲ್ವೇನಮ್ಮಾ?”

“ಬೆಲೆ ಎರಡೇ ಸರ್. ಆದ್ರೆ ನಾವು ಎಣಿಸೋದು ಕ್ರಮಾಂಕನ. ಅದು ಎರಡೂ ಕಡೆ ಮುಗಿಯೋದೇ ಇಲ್ಲ.”

ಸರ್ ಮುಖ ಕಪ್ಪಿಟ್ಟಿತು. “ಮುಂದಿನ ಪ್ರಮೇಯಕ್ಕೆ ಆ ಸಾಲು ಬೇಕಾಗುತ್ತೆ” ಎಂದರು, ಕೊನೆಯ ಆಸರೆಗಾಗಿ.

“ಇಲ್ಲ ಸರ್. ಮುಚ್ಚಿದ ಅಂತರದ ಮೇಲೆ ಅವಿಚ್ಛಿನ್ನ ಫಲನ ಮಿತಿಯೊಳಗೇ ಇರುತ್ತೆ ಅನ್ನೋದು ತಾನೇ ಆ ಪ್ರಮೇಯ? ಮಿತಿ ಮೀರುತ್ತೆ ಅಂದ್ಕೊಳ್ಳಿ. n-ನೇ ಬಿಂದುವಿನಲ್ಲಿ ಬೆಲೆ n-ಗಿಂತ ಜಾಸ್ತಿ ಇರೋ ಹಾಗೆ ಬಿಂದುಗಳನ್ನ ಆರಿಸ್ತೀವಿ. ಅದ್ರಲ್ಲಿ ಒಂದು ಉಪ-ಅನುಕ್ರಮ ಅಂತರದೊಳಗಿನ ಒಂದು ಬಿಂದುವಿಗೆ ಹೋಗುತ್ತೆ. ಆಗ ಫಲನದ ಬೆಲೆಗಳೂ ಅಲ್ಲಿನ ಬೆಲೆಗೆ ಹೋಗ್ಬೇಕು. ಆದ್ರೆ ಅವು ಬೆಳೀತಾನೇ ಇವೆ. ವಿರೋಧ ಬಂತು. ಇಲ್ಲಿ ಆ ಸಾಲು ಎಲ್ಲಿ ಬಂತು ಸರ್?”

ಸರ್ ಕತ್ತರಿಸಿದ್ದ ಅಂಕವನ್ನು ಅವಳಿಗೆ ಮರಳಿ ಕೊಟ್ಟರು. ಹತ್ತೊಂಬತ್ತು ವರ್ಷದ ಹೆಸರಿಗೆ ತಾವೇ ಗೀಟು ಹಾಕುವ ಧೈರ್ಯ ಅವರಿಗಿತ್ತು, ನನಗಂತೂ ಹೆಮ್ಮೆಯಾಯಿತು. ಮರುದಿನ ತರಗತಿಯಲ್ಲಿ, “ತಪ್ಪು ನಂದು. ಆ ಸಾಲು ಹೊಡೆದುಹಾಕಿ” ಎಂದರು. ನನ್ನ ಪಾಳಿಗೆ ಕಾಯುತ್ತಾ ನಾನು ಬಾಗಿಲಲ್ಲಿದ್ದೆ.

ಶ್ರಾವ್ಯಾ ಎದ್ದು ನಿಂತಳು. ದನಿಯಲ್ಲಿ ಕುಹಕವಿರಲಿಲ್ಲ, ಭಯವಿತ್ತು.

“ಸರ್, ಫೈನಲ್ ಪೇಪರ್ ತಿದ್ದೋರೆಲ್ಲ ನಿಮ್ ನೋಟ್ಸ್ ಓದಿದೋರೇ ಅಲ್ವಾ? ನಾನು ಯಾವ್ದು ಬರೀಲಿ?”