ತೇಗದ ನೆಲ ಮತ್ತು ಬಚ್ಚಲೊಲೆ

ಬಡಗಿ ಕೆಲಸದಲ್ಲಿ ಉಳಿದ ತುಂಡು ಬಡಗಿಗೆ ಸೇರಿದ್ದು. ಈ ಪದ್ಧತಿ ಯಾರು ಹಾಕಿದ್ದೋ ಗೊತ್ತಿಲ್ಲ, ಆದರೆ ನಮ್ಮ ಕಡೆ ಎಲ್ಲ ಮನೆಯವರಿಗೂ ಗೊತ್ತು. ಕೆಲವರಿಗೆ ಅದನ್ನು ನೋಡಿದರೆ ಹೊಟ್ಟೆ ಉರಿ. ಚಿತ್ರದುರ್ಗದ ಆ ಹತ್ತಿ ಸಾಹುಕಾರರ ಹೆಂಡತಿಗೆ ಎಲ್ಲರಿಗಿಂತ ಜಾಸ್ತಿ.

ಎಪ್ಪತ್ತರ ದಶಕದ ಮಾತು. ಸಾಹುಕಾರರು ಬೊಂಬಾಯಿಯ ಯಾವುದೋ ಹೋಟೆಲಿನಲ್ಲಿ ಮರದ ನೆಲ ನೋಡಿ ಬಂದಿದ್ದರು. ಮಗನ ಮದುವೆಗೆ ಮಹಡಿಯ ಕೋಣೆಗೆ ಅದೇ ಬೇಕೆಂದು ತೇಗದ ಹಲಗೆಗಳನ್ನು ಪೆಟ್ಟಿಗೆಗಳಲ್ಲಿ ಲಾರಿಯಲ್ಲಿ ತರಿಸಿದರು. ಕೋಣೆಗೆ ಸರಿಯಾಗಿ ಸಾಕಾಗುವಷ್ಟೇ ಇತ್ತು. ಕೆಲಸ ನನಗೂ ನನ್ನ ಭಾವನಿಗೂ ಬಂತು. ಭಾವ ಎಂದರೆ ಅಕ್ಕನ ಗಂಡ. ನನಗಿಂತ ದೊಡ್ಡ ಕೆಲಸಗಾರ, ನನಗಿಂತ ಬಹಳ ಮೆತ್ತಗಿನ ಮನುಷ್ಯ.

ಪೆಟ್ಟಿಗೆಗಳನ್ನು ಬಿಚ್ಚಿ ಹಲಗೆಗಳನ್ನು ಕೆಲವು ದಿನ ಆ ಕೋಣೆಯಲ್ಲೇ ಗಾಳಿಗೆ ಬಿಟ್ಟೆವು. ಮರ ಅಲ್ಲಿನ ಹವೆಗೆ ಒಗ್ಗದಿದ್ದರೆ ಆಮೇಲೆ ಬಾಗುತ್ತದೆ. ಸಾಹುಕಾರರ ಹೆಂಡತಿ ಅಮ್ಮನವರು ದಿನಾ ಬಂದು, "ಸುಮ್ಕೆ ಕುಂತ್ಕಂಡು ದಿನ ತಳ್ತಾ ಇದೀರೇನ್ರಪ್ಪ?" ಎನ್ನುತ್ತಿದ್ದರು. ಭಾವ ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಆಮೇಲೆ ಸಿಮೆಂಟ್ ನೆಲದ ಮೇಲೆ ಒಂದು ಮೊಳೆಯನ್ನೂ ಹೊಡೆಯದೆ ಹಲಗೆಗಳನ್ನು ಜೋಡಿಸಿ ನೋಡಿದೆವು. ಒಂದು ಸಾಲಿನ ಸಂದು ಪಕ್ಕದ ಸಾಲಿನ ಸಂದಿಗೆ ಎದುರಾಗಬಾರದು. ಗೋಡೆಯ ಹತ್ತಿರ ಒಂದು ಬೆರಳು ಜಾಗ ಬಿಡಬೇಕು, ಮಳೆಗಾಲಕ್ಕೆ ಮರ ಉಬ್ಬುತ್ತದೆ. ಸಾಲಿನ ಕೊನೆಯಲ್ಲಿ ಕತ್ತರಿಸಿ ಉಳಿದ ತುಂಡೇ ಮುಂದಿನ ಯಾವುದೋ ಸಾಲಿನ ಮೊದಲ ತುಂಡು. ಹಾಗೆ ಹೊಂದಿಸಿ, ಪ್ರತಿ ತುಂಡಿನ ಮೇಲೂ ಸೀಮೆಸುಣ್ಣದಲ್ಲಿ ಸಾಲಿನ ಗುರುತು ಹಾಕಿದೆವು. ನಂತರ ಎಲ್ಲವನ್ನೂ ಎತ್ತಿ, ತೇವ ಏರದಂತೆ ಡಾಂಬರು ಕಾಗದ ಹಾಸಿ, ಮೇಲೆ ರೀಪು, ಅಂದರೆ ಸಣ್ಣ ಮರದ ಪಟ್ಟಿ, ಬಡಿದೆವು. ಮಾರನೆಯ ದಿನ ಆ ರೀಪುಗಳಿಗೆ ಹಲಗೆ ಹೊಡೆಯುವುದು. ಉದ್ದದವು ಪೆಟ್ಟಿಗೆಯೊಳಗೆ ಹೋದವು. ಚಿಕ್ಕ ತುಂಡುಗಳನ್ನು ಬಾಗಿಲ ಬಳಿ ರಾಶಿ ಹಾಕಿ ಮನೆಗೆ ಬಂದೆವು.

ಬೆಳಿಗ್ಗೆ ಹೋದರೆ ರಾಶಿ ಇಲ್ಲ.

ಒಳಗೆ ಎತ್ತಿಟ್ಟಿರಬೇಕೆಂದು ಕೇಳಿದೆ. ಅಮ್ಮನವರು, "ನನ್ನನ್ಯಾಕೆ ಕೇಳ್ತೀಯ? ತುಂಡು ಹೊತ್ಕಂಡು ಹೋಗೋರು ನೀವು" ಎಂದರು. ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಬಚ್ಚಲೊಲೆಯ ಬಾಯಲ್ಲಿ ಅರ್ಧ ಸುಟ್ಟ ತೇಗದ ತುದಿಯೊಂದು ಹೊಗೆಯಾಡುತ್ತಿತ್ತು. ಪಕ್ಕದ ಹಲಗೆಗೆ ಸಿಕ್ಕಿಸುವ ನಾಲಿಗೆ ಇನ್ನೂ ಹಾಗೇ ಇತ್ತು. ನಮ್ಮ ಪಾಲಾಗಬಾರದೆಂದು ರಾಶಿಯನ್ನೇ ಒಲೆಗೆ ಹಾಕಿಸಿದ್ದಳು ಪುಣ್ಯಾತ್ಗಿತ್ತಿ. ತನ್ನ ಮಗನ ಕೋಣೆಯ ನೆಲವನ್ನೇ ಉರಿಸಿ ಸ್ನಾನ ಮಾಡಿದ್ದಳು.

ಆ ತುದಿಯನ್ನು ತಂದು ಸಾಹುಕಾರರ ಮುಂದೆ ಹಿಡಿದೆ. ಅವರು ಹೆಂಡತಿಯ ಮುಖ ನೋಡಿದರು.

"ಒಂದ್ ತುಂಡು ಒಲೆಗೆ ಬಿದ್ದಿರಬಹುದು. ಮಿಕ್ಕಿದ್ದೆಲ್ಲ ಇವ್ರೇ ಸಾಗಿಸವ್ರೆ" ಎಂದರು ಅಮ್ಮನವರು.

ಸಾಹುಕಾರರು ಆಳನ್ನು ಕರೆದು ನಮ್ಮ ಎರಡೂ ಚೀಲಗಳನ್ನು ಒಳಗಿಡಿಸಿದರು. "ತುಂಡು ತಂದಿಡ್ರಿ, ಚೀಲ ತಗಂಡು ಹೋಗ್ರಿ."

ಗರಗಸ, ಬಾಚಿ, ಉಳಿ ಎಲ್ಲ ಅದರಲ್ಲಿ. ಅವಿಲ್ಲದೆ ನಾವು ಯಾವ ಮನೆ ಬಾಗಿಲಿಗೆ ಹೋಗಬೇಕು? ಬೂದಿಯಾದದ್ದನ್ನು ಎಲ್ಲಿಂದ ತರಬೇಕು? ನಾನು ಬಾಯಿಗೆ ಬಂದಂತೆ ಬೈದೆ. ಹತ್ತು ಜನರನ್ನ ಕರೆದು ನ್ಯಾಯ ಸೇರಿಸ್ತೀನಿ ಎಂದೆ. ಅಷ್ಟರಲ್ಲಿ ಭಾವ ಮುಂದೆ ಹೋಗಿ ಕೈ ಮುಗಿದ.

"ನಾವೇ ತಗಂಡು ಹೋಗಿದ್ವಿ ತಾಯಿ. ತಪ್ಪಾತು. ಮನೆಯಾಗೆ ಒಲೆಗೆ ಹಾಕ್ಬಿಟ್ರು. ಕ್ಷಮಿಸ್ರಿ."

ಅಮ್ಮನವರ ಮುಖದಲ್ಲಿ ಒಂದು ಗಳಿಗೆ ಗಾಬರಿ ಕಂಡಿತು, ಸುಳ್ಳು ಅಷ್ಟು ಸುಲಭವಾಗಿ ನಿಜವಾಯಿತಲ್ಲ ಎಂದು. ಮರುಗಳಿಗೆ, "ಕೇಳಿದ್ರಾ?" ಎಂದು ಗಂಡನ ಕಡೆ ತಿರುಗಿದರು. ಚೀಲಗಳು ಹೊರಗೆ ಬಂದವು, ಕೆಲಸ ಹೋಯಿತು.

ಬೀದಿಯಲ್ಲಿ ಭಾವನ ತೋಳು ಹಿಡಿದು ನಿಲ್ಲಿಸಿದೆ. "ಯಾರ ಕಳ್ಳತನ ಒಪ್ಕಂಡೆ ನೀನು? ನನ್ನ ಹೆಸ್ರೂ ಸೇರ್ಸಿ ಒಪ್ಕಂಡೆ!"

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದು ನೀನೇ ಕಣಪ್ಪ. ಚೀಲ ಬಂತಾ? ನಡಿ."

ಸಾಹುಕಾರರು ಇನ್ನೊಂದು ಪೆಟ್ಟಿಗೆ ತರಿಸಿದರಂತೆ. ಬಣ್ಣ ಹೊಂದದೆ ಆ ಹೊಸ ಹಲಗೆ ಗೋಡೆಯುದ್ದಕ್ಕೂ ಬೇರೆಯಾಗಿ ಕಾಣುತ್ತಿತ್ತಂತೆ. ನೆಲವನ್ನು ಬೇರೆ ಯಾರೋ ಬಡಗಿಗಳು ಹೊಡೆದರು. ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ನಾವು ತುಂಡು ಕದ್ದವರೆಂಬ ಸುದ್ದಿ ನಮಗಿಂತ ಮೊದಲೇ ಹೊಳಲ್ಕೆರೆ ತಲುಪಿತ್ತು. ಅಲ್ಲಿ ಒಂದು ಮನೆಯ ಬಾಗಿಲು ಕಿಟಕಿ ಕೆಲಸ ಸಿಕ್ಕಿತು. ಮೊದಲ ದಿನ ಸಂಜೆ ಕೈಕಾಲು ತೊಳೆದು ಹೊರಟಾಗ ಮನೆಯಾಕೆ ಹೊಸ್ತಿಲಲ್ಲಿ ನಿಂತಿದ್ದಳು. ಆಕೆ ಏನೂ ಕೇಳಿರಲಿಲ್ಲ. ಭಾವ ತಾನಾಗಿಯೇ ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಚೀಲ ಬಿಚ್ಚಿ, ಉಳಿ ಬಾಚಿ ಒಂದೊಂದಾಗಿ ಎತ್ತಿ, ಬರಿಯ ಚೀಲವನ್ನು ತಲೆಕೆಳಗು ಮಾಡಿ ಕೊಡವಿ ತೋರಿಸಿದ. ಆಮೇಲೆ ಆಕೆ ನನ್ನ ಚೀಲದ ಕಡೆ ನೋಡಿದಳು. ನಾನು ಬಿಚ್ಚಲಿಲ್ಲ.

ಮಾರನೆಯ ದಿನ ಭಾವ ಒಬ್ಬನೇ ಕೆಲಸಕ್ಕೆ ಹೋದ.