ಕೋಡುಬಳೆಯ ಘನಫಲ

ಪರೀಕ್ಷೆ ಮುಗಿದ ಮೇಲೆ ಉತ್ತರ ತಾಳೆ ನೋಡುವ ಚಟ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಬರೆದದ್ದು ಬರೆದಾಯಿತು, ಇನ್ನು ಕೆದಕಿ ಏನು ಪ್ರಯೋಜನ? ಆದರೆ ಚಿಕ್ಕಬಳ್ಳಾಪುರದ ಕಾಲೇಜಿನ ಗೇಟು ದಾಟುವುದೇ ತಡ, ಹುಡುಗಿಯರ ಗುಂಪು ಪ್ರಶ್ನೆಪತ್ರಿಕೆ ಹರವಿಕೊಂಡು ನಿಂತುಬಿಡುತ್ತಿತ್ತು. ಆವತ್ತೂ ಹಾಗೇ ಆಯಿತು. ನಾನು ಅವರಿಗಿಂತ ದೊಡ್ಡವಳು. ಬಿ.ಎಸ್ಸಿ.ಯ ಉಳಿದ ವಿಷಯಗಳೆಲ್ಲ ಎಂದೋ ಪಾಸಾಗಿ, ಗಣಿತದ ಇದೊಂದು ಪೇಪರ್ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಚಿಂತಾಮಣಿಯ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಲೇ ಮತ್ತೆ ಕಟ್ಟಿದ್ದೆ. ಈ ಸಲ ದಾಟಿದರೆ ಬಿ.ಎಡ್.ಗೆ ಅರ್ಜಿ ಹಾಕಬಹುದು. ದಾಟದಿದ್ದರೆ ಇನ್ನು ಸಾಕು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಆ ತೀರ್ಮಾನ ಯಾರಿಗೂ ಹೇಳಿರಲಿಲ್ಲ.

"ಅಕ್ಕ, ಆ ಡೋನಟ್ ಲೆಕ್ಕಕ್ಕೆ ಎಷ್ಟು ಬಂತು?" ಎಂದು ಒಬ್ಬಳು ಕೇಳಿದಳು. ಶಿಡ್ಲಘಟ್ಟದವಳು, ಬಸ್ಸಿನಲ್ಲಿ ನನ್ನ ಜೊತೆಗಾತಿ.

ಲೆಕ್ಕ ಇಷ್ಟೇ. ಒಂದು ವೃತ್ತ, ಅದರ ತ್ರಿಜ್ಯ r. ಅದರ ಕೇಂದ್ರ ಅಕ್ಷದಿಂದ R ದೂರದಲ್ಲಿದೆ, R ದೊಡ್ಡದು. ಆ ವೃತ್ತದ ಬಿಲ್ಲೆಯನ್ನು ಅಕ್ಷದ ಸುತ್ತ ಪೂರ್ತಿ ತಿರುಗಿಸಿದರೆ ನಡುವೆ ತೂತಿರುವ ಬಳೆಯಂಥ ಆಕಾರ ಬರುತ್ತದೆ. ಶೆಲ್ ವಿಧಾನದಿಂದ, ಅಂದರೆ ಒಂದರೊಳಗೊಂದು ಕೂತ ತೆಳ್ಳನೆಯ ಕೊಳವೆಗಳಾಗಿ ಬಿಡಿಸಿ, ಅದರ ಘನಫಲ ಕಂಡುಹಿಡಿಯಿರಿ ಎಂದು ಕೇಳಿದ್ದರು. ನನಗೆ ಗೊತ್ತಿದ್ದ ಪ್ರಶ್ನೆಗಳನ್ನು ಕೂಡಿಸಿದರೆ ಪಾಸಿನ ಗೆರೆಯ ಹತ್ತಿರ ಬರುತ್ತಿದ್ದೆ. ಗೆರೆ ದಾಟಿಸಬೇಕಾದದ್ದು ಇದೊಂದೇ.

"ಎರಡು ಪೈ ವರ್ಗ R r ವರ್ಗ" ಎಂದೆ.

"ಅಯ್ಯೋ, ಎರಡು ಎಲ್ಲಿಂದ ಬಂತಕ್ಕ? ಬರೀ ಪೈ ವರ್ಗ R r ವರ್ಗ ಅಲ್ವಾ? ನಮಗೆಲ್ಲಾ ಅದೇ ಬಂದಿರೋದು."

ಅಕ್ಕಪಕ್ಕದವರೆಲ್ಲ ತಲೆಯಾಡಿಸಿದರು. ಒಂದೇ ಟ್ಯೂಷನ್ನಿಗೆ ಹೋಗುವವರು, ಒಂದೇ ಉತ್ತರ. ಪರೀಕ್ಷೆಗೆ ಮುಂಚಿನ ವಾರ ಅಲ್ಲಿ ಇದೇ ಲೆಕ್ಕ ಮಾಡಿಸಿದ್ದರಂತೆ. ಆ ಹೊತ್ತಿನಲ್ಲಿ ನಾನು ಶಾಲೆಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಅಷ್ಟು ಜನ ಒಂದು ಕಡೆ, ಈ ಪೇಪರಿನಲ್ಲಿ ಮತ್ತೆ ಮತ್ತೆ ಬಿದ್ದವಳು ಒಂದು ಕಡೆ. ಯಾರನ್ನು ನಂಬುವುದು ಎಂದು ಯಾರಾದರೂ ಹೇಳಬಲ್ಲರು.

ಬಸ್ ಹತ್ತಿ ಕಿಟಕಿ ಪಕ್ಕ ಕುಳಿತೆ. ಪಕ್ಕದಲ್ಲಿ ಶಿಡ್ಲಘಟ್ಟದ ಹುಡುಗಿ. ಅವಳು ಸುಮ್ಮನಿರುವ ಪೈಕಿಯವಳಲ್ಲ. "ಬಿಡಿ ಅಕ್ಕ, ಸ್ಟೆಪ್ಸಿಗೆ ಮಾರ್ಕ್ಸ್ ಕೊಡ್ತಾರೆ" ಎಂದು ಸಮಾಧಾನ ಮಾಡತೊಡಗಿದಳು. ಆ ಸಮಾಧಾನ ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ತಪ್ಪಾಗಿದ್ದರೆ ಎಲ್ಲಿ ತಪ್ಪಾಯಿತು ಎಂದಾದರೂ ನೋಡಿಬಿಡೋಣ ಎಂದು ಪ್ರಶ್ನೆಪತ್ರಿಕೆ ಮಗುಚಿ ಪೆನ್ನು ತೆಗೆದೆ.

ಅದೇ ಶೆಲ್ ದಾರಿ ಹಿಡಿದರೆ ಅದೇ ಗುಂಡಿಗೆ ಬೀಳುತ್ತೇನೆ. ಅದಕ್ಕೇ ಅಡ್ಡಡ್ಡ ಕೊಯ್ದು ನೋಡಿದೆ. ಬಳೆಯನ್ನು ಮೇಜಿನ ಮೇಲೆ ಮಲಗಿಸಿ, y ಎತ್ತರದಲ್ಲಿ ಒಂದು ತೆಳ್ಳನೆಯ ಚೂರು ಕೊಯ್ದರೆ ಸಿಗುವುದು ಒಂದು ವಾಷರ್. ಹೊರಗಿನ ತ್ರಿಜ್ಯ R ಕೂಡಿಸು s, ಒಳಗಿನದು R ಕಳೆ s. ಇಲ್ಲಿ s ಅಂದರೆ √(r² − y²). ಹೊರಗಿನ ವೃತ್ತದ ವಿಸ್ತೀರ್ಣದಲ್ಲಿ ಒಳಗಿನದನ್ನು ಕಳೆದರೆ ವರ್ಗಗಳೆಲ್ಲ ಹೊಡೆದುಹೋಗಿ 4πRs ಉಳಿಯುತ್ತದೆ. ಇನ್ನು ಕೆಳಗಿನ −r ನಿಂದ ಮೇಲಿನ r ವರೆಗೆ s ಅನ್ನು ಕೂಡಿಸುತ್ತ ಹೋದರೆ ಸಿಗುವುದು ಅರ್ಧ ವೃತ್ತದ ವಿಸ್ತೀರ್ಣ, πr²/2. ಗುಣಿಸಿದೆ.

2π²Rr².

ಬಸ್ಸು ಕುಲುಕಿ ಆ ಎರಡರ ಅಂಕಿ ಸೊಟ್ಟಗಾಗಿತ್ತು. ಆದರೂ ಎರಡೇ. ಪಕ್ಕದವಳ ಮುಂದೆ ಹಿಡಿದೆ.

"ಅದೆಂಗಕ್ಕ? ನೋಟ್ಸಲ್ಲಿ ಬರೀ ಪೈ ವರ್ಗ ಅಂತಾನೇ ಇದೆ" ಎಂದಳು. ಬ್ಯಾಗಿನಿಂದ ಟ್ಯೂಷನ್ನಿನ ಜೆರಾಕ್ಸ್ ಹಾಳೆ ತೆಗೆದಳು. ಇಬ್ಬರೂ ಬಗ್ಗಿ ನೋಡಿದೆವು. ಅಲ್ಲಿನ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಯೊಂದರದು ಅದು. ಅಲ್ಲಿ ತಿರುಗಿಸಲು ಹೇಳಿದ್ದು x ಅಕ್ಷದ ಮೇಲಿನ ಅರ್ಧ ವೃತ್ತವನ್ನು ಮಾತ್ರ. ಹಾಗಾಗಿ ಪ್ರತಿ ಶೆಲ್ಲಿನ ಎತ್ತರವೂ x ಅಕ್ಷದಿಂದ ಮೇಲಕ್ಕೆ ಮಾತ್ರ, √(r² − (x − R)²). ನಮ್ಮ ಪ್ರಶ್ನೆಯಲ್ಲಿ ಪೂರ್ತಿ ಬಿಲ್ಲೆ ಇತ್ತು. ಶೆಲ್ ಬಿಲ್ಲೆಯ ತಳದಿಂದ ನೆತ್ತಿಯವರೆಗೆ ಹೋಗಬೇಕು, ಎತ್ತರ ಅದರ ಎರಡರಷ್ಟು. ಇವರೆಲ್ಲ ಬಾಯಿಪಾಠ ಮಾಡಿದ ಲೆಕ್ಕವನ್ನು ಹಾಗೇ ಇಳಿಸಿಬಂದಿದ್ದರು. ಚಿತ್ರ ಬರೆದಿದ್ದರೆ ಗೊತ್ತಾಗುತ್ತಿತ್ತು. ಟ್ಯೂಷನ್ನಿಗೆ ಹೋಗಲಾಗದ ನನಗೆ ಚಿತ್ರ ಬರೆಯದೆ ಬೇರೆ ಗತಿಯಿರಲಿಲ್ಲ.

"ಅಂದ್ರೆ ನಾವೆಲ್ಲಾ ಮೇಲಿನರ್ಧ ಮಾತ್ರ ಲೆಕ್ಕ ಹಾಕಿದೀವಾ?"

"ಹೂಂ ಕಣೇ. ಬಳೇನ ಅಡ್ಡಕ್ಕೆ ಸೀಳಿ, ಕೆಳಗಿನರ್ಧ ಪರೀಕ್ಷಾ ಹಾಲಲ್ಲೇ ಬಿಟ್ಟು ಬಂದಿದೀರಾ."

ಅವಳು ನಗಲಿಲ್ಲ. ಪೂರ್ತಿ ಒಪ್ಪಿರಲೂ ಇಲ್ಲ. ನನ್ನ ಡಬ್ಬಿಯಲ್ಲಿ ಅಮ್ಮ ಹಾಕಿಕೊಟ್ಟಿದ್ದ ಕೋಡುಬಳೆ ಇದ್ದವು, ಒಂದನ್ನು ಅವಳ ಕೈಗೆ ಕೊಟ್ಟು, "ಇದನ್ನ ಮಾಡೋವಾಗ ನೋಡಿದೀಯಾ?" ಎಂದು ಕೇಳಿದೆ.

"ಹಿಟ್ಟನ್ನ ಉದ್ದಕ್ಕೆ ಹೊಸೆದು ತುದಿಗೆ ತುದಿ ಸೇರಿಸ್ತಾರೆ."

"ಹೊಸೆದಿದ್ದನ್ನ ಸೇರಿಸೋಕ್ ಮುಂಚೆ ಅದರ ಘನಫಲ ಎಷ್ಟು?"

ಅವಳು ಕೋಡುಬಳೆಯನ್ನು ತಿರುಗಿಸಿ ನೋಡಿದಳು. ಕೊಯ್ದ ಮುಖ ಒಂದು ವೃತ್ತ, ವಿಸ್ತೀರ್ಣ πr². ಉದ್ದ ಅಂದರೆ ಬಳೆಯ ನಡುಗೆರೆ ಹಿಡಿದು ಒಂದು ಸುತ್ತು, 2πR. ಬಗ್ಗಿಸಿದಾಗ ಹೊರಮೈ ಹಿಗ್ಗಿದಷ್ಟು ಒಳಮೈ ಕುಗ್ಗುತ್ತದೆ, ಅದು ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ತುಟಿಯಲ್ಲೇ ಗುಣಿಸಿಕೊಂಡಳು. ಆಮೇಲೆ ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡಳು.

ನನಗೆ ಆದ ನಿರಾಳವನ್ನು ಹೇಗೆ ಹೇಳಲಿ? ಕಿಟಕಿಯ ಗಾಳಿ ಆಗ ಮೊದಲ ಸಲ ಮುಖಕ್ಕೆ ತಾಗಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ಹಿಂದಿನ ಸೀಟಿನ ಅಜ್ಜಿ "ಏಮಯಿಂದಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು. "ಏಂಲೇದಮ್ಮಾ" ಎಂದು, ಏನೂ ಆಗಿಲ್ಲವೆಂದು ತಲೆಯಾಡಿಸಿ, ಅವರಿಗೂ ಒಂದು ಕೋಡುಬಳೆ ಕೊಟ್ಟೆ.

ಪಕ್ಕದವಳ ಮುಖ ನೋಡಿದಾಗ ಮಾತ್ರ ಸ್ವಲ್ಪ ಸಂಕಟವಾಯಿತು. "ನಿನ್ನದು ಬೇರೆ ಎಲ್ಲಾ ಸರಿ ಇದೆಯಲ್ಲೇ" ಎಂದೆ. ಹೌದು, ಅವಳು ಉಳಿದದ್ದೆಲ್ಲ ಚೆನ್ನಾಗಿ ಬರೆದಿದ್ದಳು. ಎರಡರ ಒಂದು ಅಂಕಿ ಬಿಟ್ಟುಹೋದರೆ ಮುಳುಗುವವಳಲ್ಲ. ಅವಳಿಗೂ ಅದು ಗೊತ್ತಿತ್ತು. ಶಿಡ್ಲಘಟ್ಟದಲ್ಲಿ ಇಳಿಯುವಾಗ, "ಅಕ್ಕ, ಇವತ್ತು ಟ್ಯೂಷನ್ ಗ್ರೂಪಲ್ಲಿ ಇದನ್ನ ನಾನೇ ಹಾಕ್ತೀನಿ. ಎಲ್ರೂ ಸೇರಿ ನನ್ನ ಬೈತಾರೆ" ಎಂದು ನಕ್ಕಳು.

ಬಸ್ಸು ಮುಂದೆ ಹೊರಟ ಮೇಲೆ ಅಮ್ಮನ ಫೋನ್ ಬಂತು. ಪ್ರತಿ ಸಲ ಪೇಪರ್ ಮುಗಿದ ದಿನ ಅಮ್ಮ ಕೇಳುತ್ತಿದ್ದರು, "ನೋಡ್ಬೇಕು" ಎಂದು ನಾನು ಹೇಳುತ್ತಿದ್ದೆ. ಅಮ್ಮ "ಆಗ್ಲಿ ಬಾ" ಎನ್ನುತ್ತಿದ್ದರು. ನೋಡುವುದಕ್ಕೆ ಏನೂ ಉಳಿದಿಲ್ಲ ಎಂದು ಇಬ್ಬರಿಗೂ ಗೊತ್ತಿರುತ್ತಿತ್ತು.

"ಹೆಂಗ್ ಬರೆದ್ಯಮ್ಮ?"

"ಪಾಸಾಗ್ತೀನಿ ಅಮ್ಮ."

ಅಮ್ಮನ ದನಿ ಬಂತು, ತೀರಾ ಸಣ್ಣಗೆ.

"ಇನ್ನೊಂದ್ ಸಲ ಹೇಳು."

ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ.